ಸ್ಕ್ರೀನ್ ಮೇಲೆ ಇರುವುದನ್ನು ಹಾಗೇ ಓದಿ, ಮಿಕ್ಕಿದ್ದನ್ನು ಕನ್ನಡದಲ್ಲಿ ಹೇಳಿ

ಸುದ್ದಿ ಬರೆಯುವುದರ ಜೊತೆಗೆ ನಮಗೆ ಆಗಾಗ ದನಿ ಕೊಡುವ ಕೆಲಸವೂ ಬರುತ್ತದೆ. ಕಂಪ್ಯೂಟರ್ ಕಲಿಸುವ ವಿಡಿಯೊ ಮೊದಲೇ ತಯಾರಾಗಿರುತ್ತದೆ. ಅದರ ಇಂಗ್ಲಿಷ್ ಸ್ಕ್ರಿಪ್ಟ್ ನಮ್ಮ ಕೈಗೆ ಬರುತ್ತದೆ. ಒಂದು ಸಾಲಿನಲ್ಲಿ ನಿಮಿಷ-ಸೆಕೆಂಡು, ಪಕ್ಕದ ಸಾಲಿನಲ್ಲಿ ಆಡಬೇಕಾದ ಮಾತು. ಅದನ್ನು ಕನ್ನಡ ಮಾಡಿಕೊಂಡು, ಅಷ್ಟೇ ಸೆಕೆಂಡಿನಲ್ಲಿ ಓದಿ, ರೆಕಾರ್ಡ್ ಮಾಡಿ ಕಳಿಸಬೇಕು. ಚಿತ್ರ ಬದಲಾಗುವುದಿಲ್ಲ, ಅದರೊಳಗಿನ ಕಂಪ್ಯೂಟರ್ ಇಂಗ್ಲಿಷಿನಲ್ಲೇ ಇರುತ್ತದೆ. ದನಿ ಮಾತ್ರ ಕನ್ನಡ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳು ಬೇರೆ ಬೇರೆ ಭಾರತೀಯ ಭಾಷೆಗಳಿಗೆ ಬಂದಿರುವುದೂ ಇದೇ ದಾರಿಯಲ್ಲಿ.

ಈ ಕೆಲಸದಲ್ಲಿ ನಮಗೆ ದಿನವೂ ಎದುರಾಗುವ ಜಗಳ ಒಂದೇ. ಯಾವ ಇಂಗ್ಲಿಷ್ ಪದ ಹಾಗೇ ಇರಬೇಕು, ಯಾವುದು ಕನ್ನಡವಾಗಬೇಕು? ಒಮ್ಮೆ ನಾವು ಕಳಿಸಿದ ಸ್ಕ್ರಿಪ್ಟ್ ಕೆಂಪು ಗುರುತು ತುಂಬಿಕೊಂಡು ವಾಪಸ್ ಬಂತು. "ಕನ್ನಡ ಸಾಲದು" ಅಂತ ಷರಾ. ತಿದ್ದಿದವರು ಬರೆದ ಸಾಲು ಹೀಗಿತ್ತು:

"ವಿಸ್ತೃತ ಪತ್ರದಲ್ಲಿ ಅಪೇಕ್ಷಿತ ಕೋಶವನ್ನು ಆಯ್ದುಕೊಂಡು, ಸಂಕಲನ ಫಲನವನ್ನು ಸೇರ್ಪಡೆಗೊಳಿಸಿ, ನಮೂದು ಕೀಲಿಯನ್ನು ಅದುಮಿರಿ."

ಇನ್ನೊಂದು ಕಡೆ ಅದೇ ಪಾಠಕ್ಕೆ ಬೇರೆಯವರು ದನಿ ಕೊಟ್ಟಿದ್ದರು. ಅದು ಹೀಗಿತ್ತು:

"ಸ್ಪ್ರೆಡ್‌ಶೀಟ್‌ನಲ್ಲಿ ರಿಕ್ವೈರ್ಡ್ ಸೆಲ್ ಸೆಲೆಕ್ಟ್ ಮಾಡಿ, ಸಮ್ ಫಂಕ್ಷನ್ ಇನ್ಸರ್ಟ್ ಮಾಡಿ, ರೇಂಜ್ ಸ್ಪೆಸಿಫೈ ಮಾಡಿ, ಎಂಟರ್ ಪ್ರೆಸ್ ಮಾಡಿ."

ಮೊದಲನೆಯದನ್ನು ಕನ್ನಡದ ಅಭಿಮಾನ ಅನ್ನುತ್ತಾರೆ, ಎರಡನೆಯದನ್ನು ಪ್ರಾಕ್ಟಿಕಲ್ ಅನ್ನುತ್ತಾರೆ. ಎರಡೂ ಸೋಮಾರಿತನ ಅನ್ನುವುದು ನಮ್ಮ ವಾದ. ಮೊದಲನೆಯವರು ನಿಘಂಟು ತೆಗೆದರು, ಎರಡನೆಯವರು ಅದನ್ನೂ ತೆಗೆಯಲಿಲ್ಲ. ಕೇಳುವವರ ಕೈ ಎಲ್ಲಿದೆ, ಕಣ್ಣು ಎಲ್ಲಿದೆ ಅಂತ ಇಬ್ಬರೂ ನೋಡಲಿಲ್ಲ.

ಕೇಳುವವರು ಯಾರು? ನಮ್ಮ ಕಣ್ಣ ಮುಂದೆ ಇರುವುದು ಹಳ್ಳಿಯ ಹಾಲಿನ ಡೇರಿ. ಬೆಳಗಿನ ಹಾಲು ಅಳೆದು, ಕ್ಯಾನು ಕಳಿಸಿ, ಸೆಕ್ರೆಟರಿ ಅಕ್ಕ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಫೋನನ್ನು ಮಾನಿಟರಿಗೆ ಒರಗಿಸಿ ವಿಡಿಯೊ ಹಾಕಿಕೊಂಡಿರುತ್ತಾರೆ. ಫೋನಿನ ಸ್ಕ್ರೀನ್ ಚಿಕ್ಕದು, ಅದರಲ್ಲಿನ ಅಕ್ಷರ ಕಾಣುವುದಿಲ್ಲ. ಹಾಗಾಗಿ ಕಿವಿ ಫೋನಿನ ಕಡೆ, ಕಣ್ಣು ಮಾನಿಟರ್ ಕಡೆ, ಕೈ ಕೀಬೋರ್ಡ್ ಮೇಲೆ. ಕಿವಿಗೆ ಬಿದ್ದ ಪದ ಕಣ್ಣಿಗೆ ಸಿಗಬೇಕು, ಸಿಕ್ಕ ಕೂಡಲೇ ಕೈ ಆಡಬೇಕು. ಕಿವಿಗೆ "ನಮೂದು ಕೀಲಿ" ಅಂತ ಬಿದ್ದರೆ ಕೀಬೋರ್ಡ್ ಪೂರ್ತಿ ಹುಡುಕಿದರೂ ಅದು ಸಿಗುವುದಿಲ್ಲ. ಅಲ್ಲಿ ಬರೆದಿರುವುದು Enter.

ಇದರಿಂದಲೇ ನಮ್ಮ ಮೊದಲ ನಿಯಮ ಹುಟ್ಟಿದ್ದು. ಕೇಳುವವರು ಯಾವುದನ್ನು ಸ್ಕ್ರೀನ್ ಮೇಲೆ ಅಥವಾ ಕೀಬೋರ್ಡ್ ಮೇಲೆ ಓದಿ ಹುಡುಕಬೇಕೋ, ಯಾವುದನ್ನು ಅಕ್ಷರಕ್ಕೆ ಅಕ್ಷರ ಟೈಪ್ ಮಾಡಬೇಕೋ, ಅದು ಇಂಗ್ಲಿಷಿನಲ್ಲೇ ಇರಬೇಕು. ಅದು ನಮ್ಮ ಪಾಲಿಗೆ ಪದವೇ ಅಲ್ಲ, ಅದೊಂದು ಹೆಸರು. ಊರಿನ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡ್ ನೋಡಿ ಬಸ್ ಹತ್ತುತ್ತೇವಲ್ಲ, ಹಾಗೆ. ಬೋರ್ಡಿನಲ್ಲಿ ಇಲ್ಲದ ಹೆಸರು ಎಷ್ಟು ಚೆನ್ನಾಗಿದ್ದರೂ ಬಸ್ ತಪ್ಪುತ್ತದೆ.

ಆದರೆ ಹೆಸರನ್ನು ಇಂಗ್ಲಿಷಿನಲ್ಲಿ ಉಚ್ಚರಿಸಿದ ಮಾತ್ರಕ್ಕೆ ನಮ್ಮ ಕೆಲಸ ಮುಗಿಯುವುದಿಲ್ಲ. ಎರಡನೇ ಬಣದವರು ಎಡವುವುದು ಇಲ್ಲೇ. ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ.

ಲಿಬ್ರೆ ಆಫೀಸ್ ಕ್ಯಾಲ್ಕ್ ಅನ್ನುವುದು ಲೆಕ್ಕದ ಹಾಳೆಯ ಉಚಿತ ತಂತ್ರಾಂಶ. ಅದರಲ್ಲಿ ಐದು ಜನ ಹಾಲು ಹಾಕಿದ್ದನ್ನು ಬರೆದಿದ್ದೇವೆ ಅನ್ನಿ. A ಸಾಲಿನಲ್ಲಿ ಸದಸ್ಯರ ನಂಬರ್, B ಸಾಲಿನಲ್ಲಿ ಹೆಸರು, C ಸಾಲಿನಲ್ಲಿ ಲೀಟರ್. ಮೊದಲ ಸಾಲು ತಲೆಬರಹಕ್ಕೆ ಹೋಯಿತು. C2ರಿಂದ C6ರವರೆಗೆ ಲೀಟರ್‌ಗಳು: 8.5, 7, 9, 6.5, 10. ಬೆರಳಲ್ಲಿ ಕೂಡಿದರೂ ಗೊತ್ತಾಗುತ್ತದೆ, ಒಟ್ಟು 41 ಲೀಟರ್. ಈ ಒಟ್ಟು C7ರಲ್ಲಿ ತಾನಾಗೇ ಬರಬೇಕು ಅಂದರೆ ಅಲ್ಲಿ ಹೀಗೆ ಟೈಪ್ ಮಾಡಬೇಕು:

```
=SUM(C2:C6)
```

ಇದನ್ನು ದನಿಯಲ್ಲಿ ಹೇಗೆ ಹೇಳುತ್ತೀರಿ? "ಸಂಕಲನ ಫಲನ" ಅಂದರೆ ಆಟ ಅಲ್ಲಿಗೇ ಮುಗಿಯಿತು. ಯಾವ ಅಕ್ಷರ ಒತ್ತಬೇಕು ಅಂತಲೇ ಗೊತ್ತಾಗುವುದಿಲ್ಲ. "ಸಮ್ ಫಂಕ್ಷನ್ ಇನ್ಸರ್ಟ್ ಮಾಡಿ" ಅಂದರೆ? ಕನ್ನಡ ಮೀಡಿಯಂನಲ್ಲಿ ಓದಿದ ಕಿವಿಗೆ "ಸಮ್" ಅಂದರೆ SAM ಅಂತಲೂ ಕೇಳಿಸುತ್ತದೆ, ಕನ್ನಡದ "ಅ" ಇಂಗ್ಲಿಷಿನ A ತಾನೆ? =SAM(C2:C6) ಅಂತ ಹೊಡೆದರೆ ಕ್ಯಾಲ್ಕ್ ಉತ್ತರದ ಜಾಗದಲ್ಲಿ `#NAME?` ಅಂತ ತೋರಿಸುತ್ತದೆ. ಈ ಹೆಸರು ನನಗೆ ಗೊತ್ತಿಲ್ಲ ಅನ್ನುತ್ತಿದೆ ಅದು. ಆದರೆ ಅಕ್ಕನಿಗೆ ಅನಿಸುವುದು "ಏನೋ ಕೆಡಿಸಿಬಿಟ್ಟೆ" ಅಂತ. ಹಾಗಾಗಿ ಟೈಪ್ ಮಾಡುವ ಹೆಸರನ್ನು ಮೊದಲ ಸಲ ಬಿಡಿಸಿ ಹೇಳಲೇಬೇಕು: "ಎಸ್, ಯು, ಎಂ." ಫೋನಿನ ಸ್ಪೀಕರಿನಲ್ಲಿ ಎಂ ಮತ್ತು ಎನ್ ಒಂದೇ ತರಹ ಕೇಳಿಸುತ್ತವೆ, ಅದಕ್ಕೆ "ಮಂಡ್ಯದ ಎಂ" ಅನ್ನಿ. ಇದಕ್ಕೆ ಎರಡು ಸೆಕೆಂಡ್ ಸಾಕು.

`#NAME?` ಬಂದರೆ ತಪ್ಪಾಗಿದೆ ಅಂತಾದರೂ ತಿಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು ನಡುವೆ ಇರುವ ಆ ಎರಡು ಚುಕ್ಕೆ. ಇಂಗ್ಲಿಷ್ ಸ್ಕ್ರಿಪ್ಟಿನಲ್ಲಿ ಅದಕ್ಕೆ "ಕೋಲನ್" ಅಂತ ಒಂದೇ ಪದ. ಪ್ರಾಕ್ಟಿಕಲ್ ಬಣದವರು "ಸಿ ಟೂ ಕೋಲನ್ ಸಿ ಸಿಕ್ಸ್" ಅಂತ ಓದಿ ಮುಂದೆ ಹೋಗುತ್ತಾರೆ. ಅಭಿಮಾನದ ಬಣದವರು ವ್ಯಾಕರಣ ಪುಸ್ತಕದಿಂದ "ವಿವರಣಾತ್ಮಕ ಚಿಹ್ನೆ" ಅನ್ನುತ್ತಾರೆ. ಆದರೆ ಕೀಬೋರ್ಡಿನಲ್ಲಿ ಈ ಚಿಹ್ನೆ ಎಲ್ಲಿದೆ ನೋಡಿ. L ಅಕ್ಷರದ ಬಲಗಡೆಯ ಕೀ ಮೇಲೆ ಎರಡು ಚಿಹ್ನೆ ಇವೆ. ಮೇಲಿನದು ಎರಡು ಚುಕ್ಕೆ. ಕೆಳಗಿನದು ಒಂದು ಚುಕ್ಕೆಯ ಕೆಳಗೆ ಬಾಲ, ಅದು ಸೆಮಿಕೋಲನ್. Shift ಹಿಡಿದು ಒತ್ತಿದರೆ ಎರಡು ಚುಕ್ಕೆ ಬರುತ್ತದೆ, ಹಿಡಿಯದೆ ಒತ್ತಿದರೆ ಬಾಲದ್ದು ಬರುತ್ತದೆ. ಮಾನಿಟರಿನಲ್ಲಿ ಎರಡಕ್ಕೂ ವ್ಯತ್ಯಾಸ ಒಂದು ಸಾಸಿವೆಯಷ್ಟು.

Shift ಮರೆತು ಹೀಗೆ ಹೊಡೆದರು ಅನ್ನಿ:

```
=SUM(C2;C6)
```

ಕ್ಯಾಲ್ಕ್ ಇದನ್ನು ತಪ್ಪು ಅನ್ನುವುದಿಲ್ಲ. ಅದರ ಲೆಕ್ಕದಲ್ಲಿ ಇದೂ ಸರಿಯಾದ ಮಾತೇ, ಅರ್ಥ ಮಾತ್ರ ಬೇರೆ. ಎರಡು ಚುಕ್ಕೆ ಅಂದರೆ "C2ರಿಂದ C6ರವರೆಗೆ". ಬಾಲದ ಚುಕ್ಕೆ ಅಂದರೆ "C2 ಮತ್ತು C6, ಇವೆರಡೇ". ಹಾಗಾಗಿ ಅದು 8.5ಕ್ಕೆ 10 ಸೇರಿಸಿ 18.5 ತೋರಿಸುತ್ತದೆ. ನಡುವಿನ ಮೂವರ 22.5 ಲೀಟರ್ ಮಾಯ. ಕೆಂಪು ಅಕ್ಷರ ಇಲ್ಲ, ಎಚ್ಚರಿಕೆ ಇಲ್ಲ. ಐದೇ ಜನ ಇದ್ದರೆ ಕಣ್ಣಿಗೆ ಬೀಳುತ್ತದೆ. ನೂರಿಪ್ಪತ್ತು ಜನ ಹಾಲು ಹಾಕುವ ಡೇರಿಯಲ್ಲೂ ಇದೇ ಬಾಲ ಬಿದ್ದರೆ ಕೂಡುವುದು ಮೊದಲನೆಯವರ ಹಾಲನ್ನು ಮತ್ತು ಕೊನೆಯವರ ಹಾಲನ್ನು ಮಾತ್ರ. ಕಳಿಸಿದ ಕ್ಯಾನಿನ ಲೆಕ್ಕಕ್ಕೂ ಪುಸ್ತಕದ ಲೆಕ್ಕಕ್ಕೂ ತಾಳೆ ಬೀಳುವುದಿಲ್ಲ, ಬಟವಾಡೆ ದಿನ ಸೆಕ್ರೆಟರಿಯ ಕಡೆ ಬೆರಳು ತೋರಿಸುತ್ತಾರೆ. ತಪ್ಪು ಅವರದ್ದಲ್ಲ, "ಕೋಲನ್" ಅಂತ ಓದಿ ಮುಂದೆ ಹೋದ ನಮ್ಮದು.

ಇದಕ್ಕೆ ನಾವು ಹೇಳುವ ಸಾಲು ಇದು: "ಈಗ Shift ಹಿಡಿದುಕೊಂಡೇ L ಪಕ್ಕದ ಕೀ ಒತ್ತಿ. ಒಂದರ ಮೇಲೊಂದು ಎರಡು ಚುಕ್ಕೆ ಬರಬೇಕು. ಕೆಳಗಿನ ಚುಕ್ಕೆಗೆ ಬಾಲ ಇದ್ದರೆ ಅಳಿಸಿ ಮತ್ತೆ ಹೊಡೆಯಿರಿ." ಇದರಲ್ಲಿ ಕೋಲನ್ ಅನ್ನುವ ಪದ ಇಲ್ಲವೇ ಇಲ್ಲ. ವಿವರಣಾತ್ಮಕ ಚಿಹ್ನೆಯೂ ಇಲ್ಲ. Shift ಮತ್ತು L ಮಾತ್ರ ಇಂಗ್ಲಿಷಿನಲ್ಲಿವೆ, ಯಾಕೆಂದರೆ ಅವು ಕೀ ಮೇಲೆ ಬರೆದಿವೆ. ಮಿಕ್ಕಿದ್ದು ನಮ್ಮ ಅಜ್ಜಿಗೂ ಅರ್ಥವಾಗುವ ಕನ್ನಡ.

ಹೆಸರು ಇಂಗ್ಲಿಷಿನಲ್ಲಿ ಉಳಿದಾಗ ಇನ್ನೊಂದು ಎಚ್ಚರ ಬೇಕು. ಕನ್ನಡದ ವಿಭಕ್ತಿ ಅದರ ಬಾಲಕ್ಕೆ ಅಂಟಿಕೊಳ್ಳುತ್ತದೆ. "ಸೇವ್ಯಾಸನ್ನು ಕ್ಲಿಕ್ಕಿಸಿ" ಅಂತ ಓದಿದವರನ್ನು ನಾವು ಕೇಳಿದ್ದೇವೆ. ಮೆನುವಿನಲ್ಲಿ "ಸೇವ್ಯಾಸನ್ನು" ಅಂತ ಎಲ್ಲಿದೆ? ಅಲ್ಲಿರುವುದು Save As, ಎರಡು ಪದ. ಹೆಸರನ್ನು ಬಿಡಿಯಾಗಿ ಹೇಳಿ ಒಂದು ಉಸಿರು ನಿಲ್ಲಿಸಿ, ಆಮೇಲೆ ಕನ್ನಡ ಶುರು ಮಾಡಿ: "ಮೇಲೆ ಎಡಗಡೆ File ಅಂತ ಇದೆ. ಅದರ ಮೇಲೆ ಕ್ಲಿಕ್ ಮಾಡಿ. ತೆರೆದ ಪಟ್ಟಿಯಲ್ಲಿ Save As ಅಂತ ಇದೆ. ಅದರ ಮೇಲೆ ಕ್ಲಿಕ್ ಮಾಡಿ." "ಅಂತ ಇದೆ" ಅನ್ನುವ ಎರಡು ಪದ ಹೆಸರಿಗೆ ಬೇಲಿ ಹಾಕಿದ ಹಾಗೆ. ಎಲ್ಲಿಂದ ಎಲ್ಲಿಗೆ ಓದಬೇಕು ಅಂತ ಕಣ್ಣಿಗೆ ಗೊತ್ತಾಗುತ್ತದೆ.

ಈಗ ಎರಡನೇ ನಿಯಮ. ಕೈ ಮಾಡುವ ಕೆಲಸ, ಕಣ್ಣು ಕಾಣುವ ಸಂಗತಿ, ಇವು ಕನ್ನಡದಲ್ಲೇ ಇರಬೇಕು. ಸೆಲೆಕ್ಟ್ ಮಾಡಿ, ಡ್ರ್ಯಾಗ್ ಮಾಡಿ, ರಿಲೀಸ್ ಮಾಡಿ, ಡಿಲೀಟ್ ಮಾಡಿ ಅಂತ ಸಾಲುಸಾಲು ಇಂಗ್ಲಿಷ್ ಪದಕ್ಕೆ "ಮಾಡಿ" ಅಂಟಿಸುವವರಿಗೆ ಹೇಳುವುದು ಇಷ್ಟೇ. ಎಳೆಯುವುದು, ಬಿಡುವುದು, ಅಳಿಸುವುದು ನಮ್ಮ ಕೈಗೆ ಹುಟ್ಟಿನಿಂದ ಗೊತ್ತು. "ಒತ್ತಿ ಹಿಡಿದು ಕೆಳಗೆ ಎಳೆಯಿರಿ, ಆಮೇಲೆ ಬೆರಳು ಬಿಡಿ" ಅಂದರೆ ಕೈ ತಾನಾಗೇ ಮಾಡುತ್ತದೆ. "ಡ್ರ್ಯಾಗ್ ಮಾಡಿ ರಿಲೀಸ್ ಮಾಡಿ" ಅಂದರೆ ಮೊದಲು ತಲೆ ಅದನ್ನು ಕನ್ನಡ ಮಾಡಿಕೊಳ್ಳಬೇಕು, ಅಷ್ಟರಲ್ಲಿ ವಿಡಿಯೊ ಮುಂದೆ ಹೋಗಿರುತ್ತದೆ. "ಎಲ್ಲರಿಗೂ ಇಂಗ್ಲಿಷ್ ಗೊತ್ತು ಬಿಡಿ" ಅನ್ನುತ್ತಾರೆ. ಗೊತ್ತಿದ್ದರೆ ಕನ್ನಡದಲ್ಲಿ ದನಿ ಕೊಡುವ ಖರ್ಚು ಯಾಕೆ ಸ್ವಾಮಿ, ಇಂಗ್ಲಿಷಿನದ್ದನ್ನೇ ಹಾಕಿ.

ಹಾಗಾದರೆ "ಕ್ಲಿಕ್" ಯಾಕೆ ಇಟ್ಟುಕೊಂಡಿರಿ ಅಂತ ಕೇಳಬಹುದು. ಸರಿಯಾದ ಪ್ರಶ್ನೆ. ನಾವೂ ಮೊದಲು ಎಲ್ಲದಕ್ಕೂ "ಒತ್ತಿ" ಅಂತಲೇ ಬರೆದಿದ್ದೆವು. ಮೌಸ್ ಗುಂಡಿಯನ್ನೂ ಒತ್ತಿ, ಕೀಬೋರ್ಡಿನ ಕೀಯನ್ನೂ ಒತ್ತಿ. ಪರೀಕ್ಷೆಗೆ ಕೂರಿಸಿದಾಗ ಅಕ್ಕ ಎರಡು ಸಲ ಕೈ ಎತ್ತಿ ನಮ್ಮ ಮುಖ ನೋಡಿದರು: "ಯಾವುದನ್ನ ಒತ್ತಲಪ್ಪಾ, ಇಲಿಯನ್ನೋ ಕೀಯನ್ನೋ?" ಅವತ್ತಿನಿಂದ ಮೌಸಿಗೆ ಕ್ಲಿಕ್, ಕೀಬೋರ್ಡಿಗೆ ಒತ್ತಿ. ಕ್ಲಿಕ್ ಅನ್ನುವುದು ಊರಿನ ಬಾಯಲ್ಲಿ ಆಗಲೇ ಓಡಾಡುವ ಪದ, ಮೌಸ್ ಮಾಡುವ ಸದ್ದೂ ಅದೇ. ನಿಯಮ ಇರುವುದು ಕೆಲಸ ಸುಲಭ ಆಗಲಿ ಅಂತ. ಒಂದು ಇಂಗ್ಲಿಷ್ ಪದ ಗೊಂದಲ ತಪ್ಪಿಸಿದರೆ ಅದು ಇರಲಿ.

ಮೂರನೆಯದು ನಿಜವಾದ ಜಗಳದ ಜಾಗ. ಸ್ಕ್ರೀನ್ ಮೇಲೆ ಓದಬೇಕಾಗಿಲ್ಲ, ಕೈ ಮಾಡುವ ಕೆಲಸವೂ ಅಲ್ಲ, ಆದರೆ ಪಾಠದ ತಿರುಳು ಅದರಲ್ಲೇ ಇದೆ. ಫಾರ್ಮುಲಾ, ರೋ, ಕಾಲಂ, ಆವರೇಜ್, ಟೆಕ್ಸ್ಟ್ ಇಂಥವು. ಇವಕ್ಕೆ ನಾವು ಎರಡು ಪ್ರಶ್ನೆ ಹಾಕುತ್ತೇವೆ. ಕನ್ನಡ ಶಾಲೆಯ ಪುಸ್ತಕದಲ್ಲಿ ಈ ಪದ ಇತ್ತೇ? ಇಲ್ಲದಿದ್ದರೆ ಆ ಕಸುಬಿನವರ ಬಾಯಲ್ಲಿ ಏನಿದೆ?

ಶಾಲೆಯ ಗಣಿತದಲ್ಲಿ "ಸೂತ್ರ" ಇತ್ತು, "ಸರಾಸರಿ" ಇತ್ತು, "ಶೇಕಡಾ" ಇತ್ತು, ಅಡ್ಡಸಾಲು ಕಂಬಸಾಲು ಇದ್ದವು. ಏಳನೇ ಕ್ಲಾಸ್ ಓದಿದವರಿಗೂ ಸೂತ್ರ ಅಂದರೆ ಗೊತ್ತು. ಇವನ್ನು ಬಿಟ್ಟು ಫಾರ್ಮುಲಾ, ಆವರೇಜ್ ಅನ್ನುವುದು ಮನೆಯಲ್ಲಿ ಭತ್ತ ಇಟ್ಟುಕೊಂಡು ಅಂಗಡಿಯಲ್ಲಿ ಅಕ್ಕಿ ಸಾಲ ಕೇಳಿದ ಹಾಗೆ. ಹಾಗಂತ ಟೈಪ್ ಮಾಡುವಾಗ `AVERAGE` ಅಂತಲೇ ಹೊಡೆಯಬೇಕು, ಅಲ್ಲಿ ಮೊದಲ ನಿಯಮ ಬರುತ್ತದೆ. "ಸರಾಸರಿ ತೆಗೆಯಲು AVERAGE ಅಂತ ಟೈಪ್ ಮಾಡಿ" ಅಂದರೆ ಅರ್ಥವೂ ಸಿಕ್ಕಿತು, ಹೆಸರೂ ಸಿಕ್ಕಿತು. ಸಾಲುಗಳದ್ದೂ ಹಾಗೇ. ವಿವರಿಸುವಾಗ ಅಡ್ಡಸಾಲು ಅನ್ನುತ್ತೇವೆ. Sheet ಮೆನುವಿನಲ್ಲಿ Insert Rows ಹುಡುಕಬೇಕಾದ ಕಡೆ "ಅಡ್ಡಸಾಲಿಗೆ ಇಲ್ಲಿ Rows ಅಂತ ಬರೆದಿದೆ" ಅಂತ ಒಂದು ಸಲ ಹೇಳಿ ಗಂಟು ಹಾಕುತ್ತೇವೆ.

ಕಸುಬಿನ ಬಾಯಿಯ ಪದಕ್ಕೆ ಡೇರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಇಂಗ್ಲಿಷಿನ ಫ್ಯಾಟ್ ಹಳ್ಳಿಯಲ್ಲಿ "ಫ್ಯಾಟು" ಆಗಿದೆ. "ಇವತ್ತು ಫ್ಯಾಟೇ ಬಂದಿಲ್ಲ", "ಫ್ಯಾಟಿನ ರೇಟು ಎಷ್ಟು?" ಅಂತ ಕೇಳುತ್ತಾರೆ. ಬಸ್ಸು, ಕಾರು ಇದ್ದ ಹಾಗೆ ಅದಕ್ಕೆ ಕನ್ನಡದ "ಉ" ಹತ್ತಿ, ವಿಭಕ್ತಿಯೂ ಸಲೀಸಾಗಿ ಸೇರುತ್ತಿದೆ. ಹೀಗಾದ ಪದವನ್ನು ಕಿತ್ತು "ಕೊಬ್ಬಿನಂಶದ ಪ್ರಮಾಣ" ಅಂತ ನೆಡುವುದು ಶುದ್ಧ ಕನ್ನಡ ಅಲ್ಲ, ಡೇರಿಯ ಬಾಗಿಲು ನೋಡದವರ ಕನ್ನಡ. ಅದೇ ಡೇರಿಯಲ್ಲಿ ಪೇಮೆಂಟಿಗೆ "ಬಟವಾಡೆ" ಅನ್ನುತ್ತಾರೆ. ಸ್ಕ್ರಿಪ್ಟಿನಲ್ಲಿ "ಪೇಮೆಂಟ್ ಡಿಸ್ಬರ್ಸ್‌ಮೆಂಟ್" ಅಂತ ಇದ್ದರೆ ನಾವು ಬಟವಾಡೆ ಅಂತಲೇ ಓದುತ್ತೇವೆ. ಒಂದು ಕಡೆ ಇಂಗ್ಲಿಷಿನಿಂದ ಬಂದದ್ದು ಉಳಿಯಿತು, ಇನ್ನೊಂದು ಕಡೆ ನಮ್ಮದೇ ಹಳೆಯ ಪದ ಉಳಿಯಿತು. ನಿಯಮ ಮಾತ್ರ ಒಂದೇ.

ನಿಘಂಟಿನ ಪದ ಹೇಗೆ ದಾರಿ ತಪ್ಪಿಸುತ್ತದೆ ಅನ್ನುವುದಕ್ಕೂ ಒಂದು ಲೆಕ್ಕ ಹೇಳುತ್ತೇವೆ. ಲೀಟರ್ ಬರೆಯುವ ಕಡೆ ಯಾರೋ 8.5 ಅಂತ ಹೊಡೆಯುವ ಬದಲು "8.5 ಲೀ" ಅಂತ ಹೊಡೆದರು ಅನ್ನಿ. ಪುಸ್ತಕದಲ್ಲಿ ಹಾಗೆ ಬರೆದು ರೂಢಿ. ಆದರೆ ಅಂಕಿಯ ಜೊತೆ ಅಕ್ಷರ ಸೇರಿದ ಕೂಡಲೇ ಕ್ಯಾಲ್ಕ್ ಅದನ್ನು ಸಂಖ್ಯೆ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. SUM ಅದನ್ನು ಹಾರಿಸಿ ಮುಂದೆ ಹೋಗುತ್ತದೆ, ಒಟ್ಟು 41ರ ಬದಲು 32.5 ಬರುತ್ತದೆ. ಇಲ್ಲೂ ಎಚ್ಚರಿಕೆ ಇಲ್ಲ. ಇಂಗ್ಲಿಷ್ ಸ್ಕ್ರಿಪ್ಟ್ ಇದನ್ನು "ಟೆಕ್ಸ್ಟ್ ಆಗಿ ಪರಿಗಣಿಸುತ್ತದೆ" ಅಂತ ಹೇಳುತ್ತದೆ. ತಿದ್ದುವವರು ಅದನ್ನು "ಪಠ್ಯವಾಗಿ ಪರಿಗಣಿಸುತ್ತದೆ" ಅಂತ ಮಾಡಿದರು. ಹಳ್ಳಿಯಲ್ಲಿ ಪಠ್ಯ ಅಂದರೆ ಶಾಲೆಯ ಪಾಠದ ಪುಸ್ತಕ. ಹಾಲಿನ ಲೆಕ್ಕಕ್ಕೂ ಪಾಠದ ಪುಸ್ತಕಕ್ಕೂ ಏನು ಸಂಬಂಧ?

ನಾವು ಹೇಳುವುದು ಹೀಗೆ: "ಅಂಕಿ ಜೊತೆ ಅಕ್ಷರ ಬರೆದರೆ ಅದು ಲೆಕ್ಕಕ್ಕೆ ಸಿಗುವುದಿಲ್ಲ. ಸೆಲ್ ಒಳಗೆ ನೋಡಿ: ಲೆಕ್ಕಕ್ಕೆ ಸಿಗುವ ಅಂಕಿ ಬಲಗಡೆಗೆ ಒತ್ತಿಕೊಂಡಿರುತ್ತದೆ, ಅಕ್ಷರ ಅಂತ ತಿಳಿದದ್ದು ಎಡಗಡೆಗೆ ಇರುತ್ತದೆ." ಜೋಡಣೆಯನ್ನು ಯಾರೂ ಬದಲಿಸಿರದಿದ್ದರೆ ಈ ಗುರುತು ಸಾಕು. ಅಂಕಿಗಳ ಸಾಲಿನಲ್ಲಿ ಒಂದು ಮಾತ್ರ ಎಡಕ್ಕೆ ನಿಂತಿದ್ದರೆ ಅದೇ ಕಳ್ಳ.

ಇಲ್ಲಿ "ಸೆಲ್" ಯಾಕೆ ಉಳಿಯಿತು? "ಕೋಶ" ಅನ್ನಬಹುದಿತ್ತು. ಆದರೆ Format ಮೆನುವಿನಲ್ಲಿ Cells ಅಂತ ಇದೆ, ನಾಳೆ ಅದನ್ನು ಹುಡುಕಬೇಕಾಗುತ್ತದೆ. ಕೋಶ ಅಂದರೆ ಜನಕ್ಕೆ ನೆನಪಾಗುವುದು ಜೀವಕೋಶ, ಇಲ್ಲವೇ ಪದಕೋಶ. ಹಾಗಾಗಿ ಮೊದಲ ಸಲ "ಈ ಒಂದೊಂದು ಚೌಕವನ್ನು ಸೆಲ್ ಅನ್ನುತ್ತಾರೆ" ಅಂತ ಹೇಳಿ, ಆಮೇಲೆ ಸೆಲ್ ಅಂತಲೇ ಓದುತ್ತೇವೆ. ಕನ್ನಡದ ಚೌಕ ಅರ್ಥ ಕೊಟ್ಟಿತು, ಇಂಗ್ಲಿಷಿನ ಸೆಲ್ ಹೆಸರು ಕೊಟ್ಟಿತು.

ಇದಕ್ಕೆಲ್ಲ ಸಮಯ ಎಲ್ಲಿದೆ ಅಂತ ದನಿ ಕೊಡುವವರು ಕೇಳುತ್ತಾರೆ. ನ್ಯಾಯವಾದ ಕೇಳ್ವಿಕೆ. ಚಿತ್ರದಲ್ಲಿ ಬಾಣದ ಗುರುತು ಆರನೇ ಸೆಕೆಂಡಿಗೆ C7 ಮೇಲೆ ಹೋಗಿ ಕೂತಿರುತ್ತದೆ, ನಮ್ಮ ಕನ್ನಡ ವಾಕ್ಯ ಒಂಬತ್ತನೇ ಸೆಕೆಂಡಿಗೆ ಮುಗಿಯುತ್ತದೆ. ಆದರೆ ಸಮಯ ತಿನ್ನುವುದು ವಿವರಣೆ ಅಲ್ಲ. "ನೀವು ಈಗ ನಿಮ್ಮ ಪರದೆಯ ಮೇಲೆ ನೋಡುತ್ತಿರುವಂತೆ" ಅನ್ನುವ ಸಾಲು ಇಂಗ್ಲಿಷಿನಿಂದ ಎತ್ತಿಕೊಂಡು ಬಂದದ್ದು, ಅದನ್ನು ಪ್ರತಿ ಸಲ ಓದುತ್ತೇವೆ. ಅದನ್ನು ಕಿತ್ತರೆ ಮೂರು ಸೆಕೆಂಡ್ ಉಳಿಯಿತು. "ಸೇರ್ಪಡೆಗೊಳಿಸಿರಿ" ಬದಲು "ಸೇರಿಸಿ" ಅಂದರೆ ಇನ್ನಷ್ಟು ಉಳಿಯಿತು. ಉಳಿಸಿದ ಸೆಕೆಂಡನ್ನು ಎಸ್-ಯು-ಎಂ ಬಿಡಿಸಿ ಹೇಳಲು, ಬಾಲದ ಚುಕ್ಕೆ ತೋರಿಸಲು ಖರ್ಚು ಮಾಡಿ. ಅದಕ್ಕೂ ಸಾಲದಿದ್ದರೆ ಆ ಜಾಗದಲ್ಲಿ ಚಿತ್ರವನ್ನು ಎರಡು ಸೆಕೆಂಡ್ ನಿಲ್ಲಿಸಿ ಕೊಡಿ ಅಂತ ಕೆಲಸ ಕೊಟ್ಟವರನ್ನು ಕೇಳಿ.

ಕನ್ನಡದ ವಾಕ್ಯದ ರೀತಿ ಇಲ್ಲಿ ನಮಗೆ ಸಹಾಯವನ್ನೂ ಮಾಡುತ್ತದೆ. ಇಂಗ್ಲಿಷ್ ಮೊದಲು "ಕ್ಲಿಕ್ ಮಾಡಿ" ಅಂದು ಆಮೇಲೆ ಜಾಗ ಹೇಳುತ್ತದೆ. ಕನ್ನಡ ಮೊದಲು ಜಾಗ ಹೇಳಿ ಕೊನೆಗೆ ಕೆಲಸ ಹೇಳುತ್ತದೆ. ಕಲಿಯುವ ಕಣ್ಣಿಗೆ ಬೇಕಾದದ್ದೂ ಇದೇ ಕ್ರಮ, ಮೊದಲು ಜಾಗ ಸಿಗಬೇಕು, ಆಮೇಲೆ ಕೈ ಹೋಗಬೇಕು. ಇಂಗ್ಲಿಷಿನ ಕ್ರಮದಲ್ಲಿ "ಕ್ಲಿಕ್ ಮಾಡಿ, ಮೇಲಿನ ಎಡಗಡೆಯ..." ಅಂತ ಓದುವವರು ಈ ಅನುಕೂಲವನ್ನು ಕೈಯಾರೆ ಕಳೆದುಕೊಳ್ಳುತ್ತಾರೆ.

"ಹೀಗೆ ಇಂಗ್ಲಿಷ್ ಬಿಡುತ್ತಾ ಹೋದರೆ ಕನ್ನಡ ಏನಾಗಬೇಕು?" ಅನ್ನುವ ಹಿರಿಯರಿಗೆ ನಮ್ಮ ಗೌರವ ಇದೆ, ಉತ್ತರವೂ ಇದೆ. ಕನ್ನಡಕ್ಕೆ ವಿಜ್ಞಾನ ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ಜೊತೆಯವರು 1918ರಲ್ಲೇ "ವಿಜ್ಞಾನ" ಅನ್ನುವ ಮಾಸಪತ್ರಿಕೆ ತಂದರು. "ಆಕಾಶವಾಣಿ" ಅನ್ನುವ ಹೆಸರು 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಶುರು ಮಾಡಿದ ರೇಡಿಯೊ ಕೇಂದ್ರದ್ದು, ಅದು ಆಮೇಲೆ ದೇಶಕ್ಕೇ ಹೆಸರಾಯಿತು. ಕಟ್ಟಿದ ಪದ ನಿಲ್ಲುವುದಿಲ್ಲ ಅಂತ ನಾವು ಹೇಳುತ್ತಿಲ್ಲ. ಆಮ್ಲಜನಕ ನಿಂತಿತು, ಶಾಲೆಯ ಪುಸ್ತಕ ಅದನ್ನು ಹೊತ್ತು ತಿರುಗಿತು. ಆದರೆ ಕೊರೊನಾ ಕಾಲದಲ್ಲಿ ಆಸ್ಪತ್ರೆ ಬಾಗಿಲಲ್ಲಿ ನಿಂತವರು ಕೇಳಿದ್ದು "ಆಕ್ಸಿಜನ್ ಬೆಡ್ ಇದೆಯಾ" ಅಂತ. ಅಲ್ಲಿ ಉತ್ತರ ಕೊಡುವವರು ಬಳಸುವ ಹೆಸರು ಅದು. ಪಾಠ ಓದುವಾಗ ಆಮ್ಲಜನಕ, ಕೌಂಟರಿನಲ್ಲಿ ಆಕ್ಸಿಜನ್. ಜನ ಎರಡನ್ನೂ ಸರಿಯಾದ ಜಾಗದಲ್ಲೇ ಬಳಸಿದರು, ನಮಗಿಂತ ಜಾಣರು.

ಸ್ಕ್ರೀನೇ ಕನ್ನಡವಾಗಲಿ ಅನ್ನುವವರ ಜೊತೆ ನಾವೂ ಇದ್ದೇವೆ. ಲಿಬ್ರೆ ಆಫೀಸಿನ ಮೆನುಗಳು ಕನ್ನಡದಲ್ಲೂ ಸಿಗುತ್ತವೆ. ಡೇರಿಯ ಕಂಪ್ಯೂಟರಿನಲ್ಲಿ ಅದನ್ನು ಹಾಕಿದ ದಿನ ನಮ್ಮ ಸ್ಕ್ರಿಪ್ಟೂ ಬದಲಾಗುತ್ತದೆ, ಮೆನುವಿನಲ್ಲಿ ಇರುವ ಕನ್ನಡ ಪದವನ್ನೇ ಅಕ್ಷರ ತಪ್ಪದೆ ಓದುತ್ತೇವೆ. ನಮ್ಮ ನಿಯಮ ಇಂಗ್ಲಿಷ್ ಉಳಿಸಿ ಅಂತ ಅಲ್ಲ, ಎದುರಿಗೆ ಏನಿದೆಯೋ ಅದನ್ನು ಓದಿ ಅಂತ. ಹೋರಾಟ ಮಾಡಬೇಕಾದದ್ದು ಸ್ಕ್ರೀನ್ ಬದಲಿಸಲು. ಸ್ಕ್ರೀನ್ ಇಂಗ್ಲಿಷಿನಲ್ಲೇ ಬಿಟ್ಟು ದನಿಯನ್ನು ಮಾತ್ರ ಸಂಸ್ಕೃತ ಮಾಡಿದರೆ ಪೆಟ್ಟು ಬೀಳುವುದು ಕಲಿಯುವವರಿಗೆ.

ನಾವು ಈಗ ಸ್ಕ್ರಿಪ್ಟ್ ಕೈಗೆ ಬಂದ ಕೂಡಲೇ ಮೂರು ಬಣ್ಣದ ಪೆನ್ ಹಿಡಿಯುತ್ತೇವೆ. ಓದಬೇಕಾದದ್ದು, ಟೈಪ್ ಮಾಡಬೇಕಾದದ್ದಕ್ಕೆ ಒಂದು ಬಣ್ಣ. ಕೈ ಕೆಲಸಕ್ಕೆ ಇನ್ನೊಂದು. ತಿರುಳಿನ ಪದಕ್ಕೆ ಮೂರನೆಯದು, ಅವುಗಳ ಪಟ್ಟಿ ಒಂದು ಹಾಳೆಯಲ್ಲಿ. ಮೊದಲ ಪಾಠದಲ್ಲಿ ಅಡ್ಡಸಾಲು, ಐದನೇ ಪಾಠದಲ್ಲಿ ರೋ, ಎಂಟರಲ್ಲಿ ಪಂಕ್ತಿ ಅಂತ ಆಗಬಾರದು. ಆಮೇಲೆ ಕಂಪ್ಯೂಟರ್ ಹೆಚ್ಚು ಬಳಸದ ಒಬ್ಬರನ್ನು ಕೂರಿಸಿ, ಚಿತ್ರ ತೋರಿಸದೆ ದನಿ ಮಾತ್ರ ಕೇಳಿಸುತ್ತೇವೆ. ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿ ಪದ ತಪ್ಪಿದೆ.

ಮೂರು ಸಲ ತಿದ್ದಿದ ಮೇಲೆ ಅದೇ ಸಾಲು ಹೀಗಾಯಿತು:

"ಈಗ ಐದು ಜನರ ಹಾಲು ಕೂಡಿಸೋಣ. C ಕಂಬಸಾಲಿನಲ್ಲಿ, 10ರ ಕೆಳಗಿನ ಖಾಲಿ ಸೆಲ್ ಮೇಲೆ ಕ್ಲಿಕ್ ಮಾಡಿ. ಸಮ ಚಿಹ್ನೆ ಒತ್ತಿ, ಎರಡು ಅಡ್ಡ ಗೀಟು. ಎಸ್, ಯು, ಮಂಡ್ಯದ ಎಂ. ಬ್ರಾಕೆಟ್ ತೆರೆಯಿರಿ. ಸಿ ಎರಡು. Shift ಹಿಡಿದುಕೊಂಡೇ L ಪಕ್ಕದ ಕೀ ಒತ್ತಿ, ಎರಡು ಚುಕ್ಕೆ ಬರಬೇಕು, ಬಾಲ ಇರಬಾರದು. ಸಿ ಆರು. ಬ್ರಾಕೆಟ್ ಮುಚ್ಚಿ. Enter ಒತ್ತಿ. 41 ಬಂತೇ? ಅನುಮಾನ ಇದ್ದರೆ ಐದೂ ಅಂಕಿಯ ಮೇಲೆ ಮೌಸ್ ಒತ್ತಿ ಹಿಡಿದು ಎಳೆಯಿರಿ. ಕಿಟಕಿಯ ತಳದ ಪಟ್ಟಿಯಲ್ಲಿ Sum ಅಂತ ಇದೆ, ಅದರ ಮುಂದೆಯೂ 41 ಇರಬೇಕು."

ಇದನ್ನು ಕೇಳಿಸಿದ ದಿನ ಅಕ್ಕನ ಕೈ ಎಲ್ಲೂ ನಿಲ್ಲಲಿಲ್ಲ. ಕೊನೆಗೆ ತಾವಾಗಿಯೇ ಅಂಕಿಗಳ ಮೇಲೆ ಎಳೆದು, ತಳದ ಪಟ್ಟಿ ನೋಡಿ, "ಎರಡೂ ಒಂದೇ ಐತೆ ಬಿಡಪ್ಪ" ಅಂದು ಸಂಜೆ ಹಾಲಿನ ಪುಸ್ತಕ ತೆಗೆದರು. ಕೆಂಪು ಗುರುತು ಹಾಕುವವರು ಮುಂದಿನ ಸಲ ಪೆನ್ ಹಿಡಿಯುವ ಮೊದಲು ಒಂದು ಬೆಳಗ್ಗೆ ಡೇರಿಗೆ ಬಂದು ಆ ಕುರ್ಚಿಯ ಪಕ್ಕ ನಿಲ್ಲಲಿ. ಎಷ್ಟು ಗುರುತು ಉಳಿಯುತ್ತವೆ ನೋಡೋಣ.